ಅರ್ಧಂಬರ್ಧ ವಹಿ ಇದ್ದ ಅಂಗಡಿಗೆ ಬರೇ ಸ್ಟೇಟ್‌ಮೆಂಟ್ ಆಫ್ ಅಫೇರ್ಸ್ ಸಾಕೋ, ಫೈನಲ್ ಅಕೌಂಟ್ಸೇ ಬೇಕೋ?

ಸ್ಟೇಟ್‌ಮೆಂಟ್ ಆಫ್ ಅಫೇರ್ಸ್ ಅಂದ್ರ ಒಂದ್ ದಿನಕ್ಕ ಇರೋ ಆಸ್ತಿ, ಸಾಲದ ಪಟ್ಟಿ. ಗದಗದಾಗ ಒಂದ್ ಕಿರಾಣಿ ಅಂಗಡಿ ಅನ್ಕೊಳ್ರಿ. ಆಸ್ತಿಯೊಳಗ ಸಾಲ ಕಳದ್ರ ವರ್ಷದ ಸುರುವಿಗೆ ಬಂಡವಾಳ 3,20,000, ಕಡೀಕ 3,80,000, ಮನಿಗೆ ತಗೊಂಡಿದ್ದು 1,44,000, ನಡುವ ಹೊಸದಾಗಿ ಹಾಕಿದ್ದು 50,000. ಕಡೀಕಿನ ಬಂಡವಾಳಕ್ಕ ಮನಿಗೆ ತಗೊಂಡಿದ್ದು ಕೂಡ್ಸಿ, ಸುರುವಿಂದು, ಹೊಸಾದು ಎರಡೂ ಕಳೀರಿ, ಲಾಭ 1,54,000, ಮುಗೀತು. ಆದ್ರ ಮಾರಾಟ ಎಷ್ಟು, ಖರ್ಚು ಎಷ್ಟು ಅಂತ ಇದ್ರಾಗ ಗೊತ್ತಾಗೂದಿಲ್ಲ, ಮತ್ತ ಮನಿಗೆ ಒಯ್ದ ಅಕ್ಕಿ ಎಣ್ಣಿ 10,000ದ್ದು ಬರಿಯೋದು ಮರತ್ರ ಲಾಭ ಅಷ್ಟ ಕಡಿಮಿ ಬರ್ತದ, ತಪ್ಪು ಎಲ್ಲೂ ಕಾಣೂದ ಇಲ್ಲ.

ಫೈನಲ್ ಅಕೌಂಟ್ಸ್ ಅಂದ್ರ ಮಾರಾಟ, ಖರೀದಿ, ಖರ್ಚು ಎಲ್ಲಾ ಬರದು ಲಾಭ ತಗಿಯೋ ಪೂರ್ತಿ ಲೆಕ್ಕ. ಅದಕ್ಕೂ ಸುರುವಿನ ಸ್ಟೇಟ್‌ಮೆಂಟ್ ಬೇಕ ಬೇಕ್ರಿ, ಸುರುವಿನ ಬಂಡವಾಳ ಅಲ್ಲಿಂದನ ಬರೂದು. ಆಮ್ಯಾಲೆ ಉದ್ರಿ ವಹಿ ಹಿಡೀರಿ: ಸುರುವಿಗೆ ಬಾಕಿ 40,000, ವಸೂಲಾಗಿದ್ದು 2,10,000, ಕಡೀಕ ಬಾಕಿ 55,000 ಇದ್ರ, ವಸೂಲಿಗೆ ಕಡೀಕಿನ ಬಾಕಿ ಕೂಡ್ಸಿ ಸುರುವಿಂದು ಕಳೀರಿ, ಉದ್ರಿ ಮಾರಾಟ 2,25,000 ಆತು. ಹೋಲ್‌ಸೇಲ್‌ನವರ ಖಾತಿಯಿಂದ ಉದ್ರಿ ಖರೀದಿನೂ ಹಿಂಗ ತಗೀಬೇಕು. ಕ್ಯಾಷ್ ಟ್ಯಾಲಿ ಆಗ್ಲಿಲ್ಲಂದ್ರ ಏನೋ ಬಿಟ್ಟದ ಅಂತ ಅಲ್ಲೇ ಸಿಗತದ.

ಪಾಸ್‌ಬುಕ್, ಗಲ್ಲಾದ ಚೀಟಿ ಇದ್ರ ನಾ ಅಂತೂ ಎರಡನೇದ್ದ ಮಾಡ್ಸ್ರಿ ಅಂತೀನಿ. ರೊಕ್ಕದ ಲೆಕ್ಕನ ಇಲ್ಲಂದ್ರ ಮೊದಲನೇದ್ದ ಗತಿ.