ಪ್ಯಾನೆಲ್ 67% ಅಂತಿತ್ತು, ಒಳಗಿನ ಮೆಂಬ್ರೇನ್ ಸೋತಿತ್ತು

ಚೀನೀ ಅಕ್ಷರದ ಪ್ಯಾನೆಲ್ ಇರುವ ವಾಟರ್ ಪ್ಯೂರಿಫೈಯರ್ ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ನಾವು ತಿಂಗಳುಗಟ್ಟಲೆ ಸರಿಯಾಗಿ ಶುದ್ಧವಾಗದ ನೀರು ಕುಡಿದೆವು. ಕಾರಣ, ನಾನು ಒತ್ತಿದ ಒಂದು ಬಟನ್, ಜೊತೆಗೆ ಪ್ಯಾನೆಲ್ ಸಂಖ್ಯೆಯನ್ನು ನಂಬಿದ್ದು.

ನಮ್ಮದು ಬೆಂಗಳೂರಿನ ಹೊರವಲಯದ ಮನೆ, ಬೋರ್‌ವೆಲ್ ನೀರು. ಭಾವ ಶೆನ್‌ಜೆನ್‌ನಿಂದ ವಾಪಸ್ ಬರುವಾಗ ಅಲ್ಲಿ ಬಳಸುತ್ತಿದ್ದ ಆರ್‌ಒ ಮೆಷಿನ್ ತಂದುಕೊಟ್ಟರು. ಹೊಸ ಫಿಲ್ಟರ್‌ಗಳನ್ನು ಹಾಕಿಯೇ ಶುರು ಮಾಡಿದ್ದೆವು. ಪ್ಯಾನೆಲ್ ಮೇಲೆ ಮೂರು ಸಾಲು: PP棉, 活性炭, RO膜. ಮೊದಲನೆಯದು ಕೆಸರು, ಮಣ್ಣು ಹಿಡಿಯುವ ಹತ್ತಿಯಂಥ ಫಿಲ್ಟರ್, ಎರಡನೆಯದು ಕಾರ್ಬನ್, ಮೂರನೆಯದು ನೀರಿನ ಉಪ್ಪು ತಡೆಯುವ ಮೆಂಬ್ರೇನ್. ಪ್ರತಿ ಸಾಲಿನ ಪಕ್ಕ ಶೇಕಡಾ ಲೆಕ್ಕ. ಕೆಳಗೆ ಎರಡು ಬಟನ್: 选择 ಅಂದರೆ ಆಯ್ಕೆ, 复位 ಅಂದರೆ ರೀಸೆಟ್.

ಒಂದು ವರ್ಷ ಕಳೆದಾಗ PP棉 ಸಾಲು ಕೆಂಪಾಗಿ ಬೀಪ್ ಶುರುವಾಯ್ತು. ಫಿಲ್ಟರ್ ಬದಲಾಯಿಸಿದೆ. ಆಮೇಲೆ ಸೀದಾ 复位 ಒತ್ತಿ ಹಿಡಿದೆ. ಬೀಪ್ ಬಂತು, ಆದರೆ ಕೆಂಪು ಹಾಗೇ ಇತ್ತು. ಬದಲಿಗೆ RO膜 ಸಾಲು 50%ನಿಂದ 100%ಗೆ ಹಾರಿತ್ತು. ನಮ್ಮ ಮೆಷಿನ್‌ನಲ್ಲಿ ಮೊದಲು 选择 ಒತ್ತುತ್ತಾ ಹೋಗಬೇಕು. ಬೇಕಾದ ಸಾಲು ಮಿನುಗಿದ ಮೇಲೆ ಮಾತ್ರ 复位 ಹಿಡಿಯಬೇಕು. ನಾನು ಆ ಹೆಜ್ಜೆ ಬಿಟ್ಟಿದ್ದೆ. ಭಾವನಿಗೆ ಫೋನ್ ಮಾಡಿ ಕೇಳಿ, ಎರಡನೇ ಸಲ PP棉 ಸರಿ ಮಾಡಿದೆ. ಮೆಂಬ್ರೇನ್ ಲೆಕ್ಕ ತಪ್ಪಾಗಿದ್ದನ್ನು ಮಾತ್ರ ಹಾಗೇ ಬಿಟ್ಟೆ. ಸಂಖ್ಯೆ ತಾನೇ, ಏನಾಗುತ್ತೆ ಅಂದುಕೊಂಡೆ.

ಎಂಟು ತಿಂಗಳ ಮೇಲೆ ಅಮ್ಮ ಅಂದರು, "ಬೇಳೆ ಮೂರು ವಿಷಲ್‌ಗೆ ಬೇಯ್ತಿತ್ತು ಕಣೋ, ಈಗ ಐದಾದರೂ ಗಟ್ಟಿ. ನೀರೂ ಒಂಥರಾ ಉಪ್ಪುಪ್ಪು." ಕೆಟಲ್ ಒಳಗೆ ನೋಡಿದರೆ ಬಿಳಿ ಪದರ ಕೂತಿತ್ತು. ಪ್ಯಾನೆಲ್ ನೋಡಿದೆ: RO膜 67%, ಹಸಿರು.

ಆಗ ನೀರಿನಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ತಂದೆ. ನಲ್ಲಿ ನೀರು 780, ಫಿಲ್ಟರ್ ನೀರು 410. ಮೆಷಿನ್ ಹಾಕಿದ ದಿನ ಭಾವ ಅಳೆದಿದ್ದರು, ಫಿಲ್ಟರ್ ನೀರು 55 ಇತ್ತು. ಅಂದರೆ ಆಗ ಮೆಂಬ್ರೇನ್ ನೂರರಲ್ಲಿ 93 ಪಾಲು ಉಪ್ಪು ತಡೆಯುತ್ತಿತ್ತು. ಈಗ 47 ಪಾಲು ಮಾತ್ರ. ಟಿಡಿಎಸ್ ಕುಡಿಯುವ ನೀರಿನ ಮಿತಿಯಾದ 500ರ ಒಳಗಿದೆಯಲ್ವಾ ಅಂತ ಸುಮ್ನಿರಬೇಡಿ. ಅರ್ಧ ಉಪ್ಪು ಬಿಡುವ ಮೆಂಬ್ರೇನ್ ನೀರಿನಲ್ಲಿರುವ ಫ್ಲೋರೈಡ್, ನೈಟ್ರೇಟ್‌ಗಳನ್ನೂ ಸರಿಯಾಗಿ ತಡೆಯುವುದಿಲ್ಲ. ಇವು ಎಷ್ಟಿವೆ ಅಂತ ಮೀಟರ್ ಬೇರೆಯಾಗಿ ಹೇಳುವುದಿಲ್ಲ. ಬೋರ್‌ವೆಲ್ ನೀರಿಗೆ ಇದೇ ದೊಡ್ಡ ಚಿಂತೆ.

ನನಗೆ ಅರ್ಥವಾಗದೆ ಇದ್ದದ್ದು ಇಷ್ಟು: ಆ ಶೇಕಡಾ ಯಾವುದನ್ನೂ ಅಳೆಯುವುದಿಲ್ಲ. ನಮ್ಮ ಮೆಷಿನ್‌ನಲ್ಲಿ ಅದು ಬರೀ ದಿನದ ಲೆಕ್ಕ. ಮೆಂಬ್ರೇನ್‌ಗೆ 24 ತಿಂಗಳು ಅಂತ ಇಟ್ಟುಕೊಂಡು ಕಳೆಯುತ್ತಾ ಹೋಗುತ್ತದೆ. ನಾನು ತಪ್ಪು ಒತ್ತದೇ ಇದ್ದಿದ್ದರೆ ಆ ದಿನ 17% ತೋರಿಸುತ್ತಿತ್ತು. ಅದೂ ಸುಳ್ಳೇ ಆಗುತ್ತಿತ್ತು. ಒಳಗೆ ಹೋಗುವುದು ಕಡಿಮೆ ಉಪ್ಪಿನ ನೀರೋ 780ರ ಬೋರ್‌ವೆಲ್ ನೀರೋ ಅದಕ್ಕೆ ಗೊತ್ತಿಲ್ಲ. ಗಡಸು ನೀರಿನಲ್ಲಿ ಮೆಂಬ್ರೇನ್ ಮೇಲೆ ಸುಣ್ಣ ಕೂರುತ್ತದೆ, ಬೇಗ ಸೋಲುತ್ತದೆ. ಕೆಲವು ಮೆಷಿನ್ ಹರಿದ ನೀರಿನ ಲೀಟರ್ ಎಣಿಸುತ್ತವೆ, ಅವುಗಳ ಕಥೆಯೂ ಇದೇ.

ಇನ್ನೊಂದು ಮಾತು. ಶೇಕಡಾ ಹಿಂದೆ 剩余 ಇದ್ದರೆ ಉಳಿದದ್ದು, 已用 ಇದ್ದರೆ ಬಳಸಿದ್ದು. ಒಂದರಲ್ಲಿ 10% ಅಂದರೆ ಫಿಲ್ಟರ್ ಮುಗಿಯುತ್ತಾ ಬಂದಿದೆ, ಇನ್ನೊಂದರಲ್ಲಿ ಈಗ ತಾನೇ ಹಾಕಿದ್ದು. 更换 ಕಂಡರೆ ಬದಲಾಯಿಸಿ ಅಂತ ಅರ್ಥ. 冲洗 ಅಂದರೆ ಒಳಗೆ ನೀರು ಹರಿಸಿ ತೊಳೆಯುತ್ತಿದೆ ಅಷ್ಟೇ, ಗಾಬರಿ ಬೇಡ.

ಈಗ ನಾನು ಮಾಡುವುದು ಹೀಗೆ. ಫಿಲ್ಟರ್ ಬದಲಾಯಿಸುವ ಮೊದಲು ಪ್ಯಾನೆಲ್ ಫೋಟೋ ತೆಗೆಯುತ್ತೇನೆ. ಬದಲಾಯಿಸಿದ ಮೇಲೆಯೇ ರೀಸೆಟ್, ಅದಕ್ಕೂ ಮೊದಲು ಯಾವ ಸಾಲು ಮಿನುಗುತ್ತಿದೆ ಅಂತ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಆಮೇಲೆ ಇನ್ನೊಂದು ಫೋಟೋ. ಎರಡರ ನಡುವೆ ಒಂದೇ ಸಂಖ್ಯೆ ಬದಲಾಗಿರಬೇಕು. ಬೇರೆಯದು ಬದಲಾದರೆ ನಮ್ಮ ಮೆಷಿನ್‌ನಲ್ಲಿ ಹಿಂದಕ್ಕೆ ತರಲು ದಾರಿಯೇ ಇಲ್ಲ. ಆ ಫಿಲ್ಟರ್‌ಗೆ ಪ್ಯಾನೆಲ್ ಮರೆತು ಕ್ಯಾಲೆಂಡರ್ ನೋಡಬೇಕು. ರಿಪೇರಿಗೆ ಬಂದವರು ಬೀಪ್ ನಿಲ್ಲಿಸಲು ಸುಮ್ನೆ ರೀಸೆಟ್ ಒತ್ತಿದರೂ ಇದೇ ಗತಿ. ಹಾಗಾಗಿ ಹಳೆಯ ಫಿಲ್ಟರ್ ಹೊರಗೆ ಬಂದಿದ್ದನ್ನು ಕಣ್ಣಾರೆ ನೋಡಿ.

ಮೆಂಬ್ರೇನ್‌ಗೆ ತಿಂಗಳಿಗೊಮ್ಮೆ ಮೀಟರ್ ಹಿಡಿಯುತ್ತೇನೆ. ಮೊದಲ ಲೋಟ ಚೆಲ್ಲಿ, ಎರಡು ನಿಮಿಷ ಹರಿಸಿ, ನಲ್ಲಿ ನೀರು ಮತ್ತು ಫಿಲ್ಟರ್ ನೀರು ಎರಡನ್ನೂ ಅದೇ ದಿನ ಅಳೆಯಬೇಕು. ಟ್ಯಾಂಕರ್ ಬಂದ ದಿನ ನಲ್ಲಿ ನೀರೇ ಬದಲಾಗಿರುತ್ತದೆ. ತಡೆಯುವ ಪಾಲು 80ಕ್ಕಿಂತ ಕೆಳಗಿಳಿದರೆ ಪ್ಯಾನೆಲ್ ಹಸಿರಿದ್ದರೂ ಬದಲಾಯಿಸುತ್ತೇನೆ. ಕಾರ್ಬನ್ ಸೋತಿದ್ದು ಮಾತ್ರ ಮೀಟರ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ತಾರೀಕೇ ಗತಿ. ಮೂರು ಫಿಲ್ಟರ್ ಮೇಲೂ ಹಾಕಿದ ದಿನವನ್ನು ಮಾರ್ಕರ್‌ನಲ್ಲಿ ಬರೆದಿದ್ದೇನೆ. ಸಿಂಕ್ ಕೆಳಗಿನ ಬಾಗಿಲು ತೆಗೆದರೆ ಅಮ್ಮನಿಗೂ ಕನ್ನಡದಲ್ಲೇ ಕಾಣುತ್ತದೆ.