ಬ್ಯಾಕ್‌ಗ್ರೌಂಡ್ ತಿದ್ದಲು ಮೂರು ದಾರಿ: ಒಂದೇ ಫೋಟೊ ಮೇಲೆ ಮಾಡಿ ನೋಡಿದ್ದು

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ತೆಗೆದ ಪ್ರಿ-ವೆಡ್ಡಿಂಗ್ ಫೋಟೊ. ಹುಡುಗಿ ಇಳಕಲ್ ಸೀರೆ ಉಟ್ಟಿದ್ದಾಳೆ, ಹಿಂದೆ ಹಸಿರು ನೀರು, ಆಚೆ ಭೂತನಾಥ ಗುಡಿ. ಬ್ಯಾಕ್‌ಗ್ರೌಂಡ್ ತುಸು ಕಪ್ಪಾಗಿ, ಬ್ಲರ್ ಆಗಿ ಬರಬೇಕಿತ್ತು. ಬಾಗಲಕೋಟೆಯ ನಮ್ಮ ಸ್ಟುಡಿಯೋದಲ್ಲಿ ಇದನ್ನು ಫೋಟೊಶಾಪ್‌ನಲ್ಲಿ ಮೂರು ರೀತಿ ಮಾಡಿದೆ. ಗಿರಾಕಿ "ಹಿಂದ ಇಷ್ಟ ಮಬ್ಬ ಬ್ಯಾಡ್ರಿ, ಗುಡಿ ಕಾಣಬೇಕ್ರಿ" ಅಂದಾಗ ಯಾವುದು ಕೈ ಹಿಡಿಯುತ್ತದೆ ಅನ್ನೋದೇ ಪರೀಕ್ಷೆ.

ಮೊದಲನೆಯದು, Ctrl+J ಒತ್ತಿ ಕಾಪಿ ಮಾಡಿ, ಅದರ ಮೇಲೆಯೇ Levels ಮತ್ತು Gaussian Blur ಹಾಕೋದು. ಭಾರಿ ಬೇಗ ಆಗುತ್ತದೆ. ಆದರೆ ಫೈಲ್ ಮುಚ್ಚಿ ತೆರೆದ ಮೇಲೆ 12 ಪಿಕ್ಸೆಲ್ ಬ್ಲರನ್ನು 5ಕ್ಕೆ ಇಳಿಸಲು ದಾರಿಯೇ ಇಲ್ಲ, ಮೂಲದಿಂದ ಮತ್ತೆ ಶುರು. ಕಪ್ಪಾದ ಕಾಪಿಯನ್ನೇ ಮತ್ತೆ ಬೆಳಗಿಸಲು ಹೋದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಪಾಸ್‌ಪೋರ್ಟ್ ಫೋಟೊಗೆ ಇಷ್ಟು ಸಾಕು ಬಿಡಿ.

ಎರಡನೆಯದು ಅಡ್ಜಸ್ಟ್‌ಮೆಂಟ್ ಲೇಯರ್. ಜೋಡಿಯನ್ನು ಮಾಸ್ಕ್ ಹಾಕಿ ಮೇಲಿನ ಗ್ರೂಪ್‌ನಲ್ಲಿಟ್ಟೆ, ಕೆಳಗೆ ಬ್ಯಾಕ್‌ಗ್ರೌಂಡ್, ಅದರ ಮೇಲೆ Curves. ಯಾವಾಗ ಬೇಕಾದರೂ ತೆರೆದು ಗೆರೆ ಎಳೆಯಬಹುದು. ಒಂದು ಕಡೆ ಜೋಪಾನ: ಮುಖ ಬೆಳಗಿಸಲು ಜೋಡಿಯ ಗ್ರೂಪ್ ಒಳಗೆ ಇನ್ನೊಂದು Curves ಇಟ್ಟರೆ ಹಿಂದಿನ ಗುಡಿಯೂ ಬೆಳಗುತ್ತದೆ. ಗ್ರೂಪ್‌ನ ಮೋಡ್ ತಾನಾಗಿಯೇ Pass Through ಇರುತ್ತದೆ. ಅದನ್ನು Normal ಮಾಡಿದರೆ ಪರಿಣಾಮ ಗ್ರೂಪ್ ಒಳಗೇ ನಿಲ್ಲುತ್ತದೆ. ಕೊರತೆ ಅಂದರೆ, ಬ್ಲರ್‌ಗೆ ಅಡ್ಜಸ್ಟ್‌ಮೆಂಟ್ ಲೇಯರ್ ಇಲ್ಲ.

ಅದಕ್ಕೇ ಮೂರನೆಯದು, ಸ್ಮಾರ್ಟ್ ಆಬ್ಜೆಕ್ಟ್. ಫಿಲ್ಟರ್ ಹಾಕುವ ಮುಂಚೆಯೇ ಬ್ಯಾಕ್‌ಗ್ರೌಂಡನ್ನು Convert to Smart Object ಮಾಡಬೇಕು. ಆಗ ಬ್ಲರ್ ಲೇಯರ್ ಕೆಳಗೆ ಹೆಸರಾಗಿ ಕೂರುತ್ತದೆ, ಡಬಲ್ ಕ್ಲಿಕ್ ಮಾಡಿ 12 ಅಳಿಸಿ 5 ಬರೆದರೆ ಮುಗಿಯಿತು.

ನನಗೆ ಇದರ ನಿಜವಾದ ಬೆಲೆ ಗೊತ್ತಾಗಿದ್ದು ಸೆರಗಿನ ಅಂಚಿನಲ್ಲಿ. ಸೀರೆಯ ಸುತ್ತ ಹಸಿರು ನೀರಿನ ಮೇಲೆ ಕೆಂಪು ಮಸಕು ಹರಡಿತ್ತು. ಕೆಳಗಿನ ಬ್ಯಾಕ್‌ಗ್ರೌಂಡ್ ಲೇಯರ್‌ನಲ್ಲೂ ಜೋಡಿ ಇದ್ದೇ ಇದೆಯಲ್ಲ, ಬ್ಲರ್ ಅವರ ಬಣ್ಣವನ್ನು ಹೊರಗೆ ಚೆಲ್ಲುತ್ತದೆ. ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ನೇರ ಕ್ಲೋನ್ ಮಾಡಲು ಬರೋದಿಲ್ಲ. ಥಂಬ್‌ನೇಲ್ ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಚಿತ್ರ ಬೇರೆ ಟ್ಯಾಬ್‌ನಲ್ಲಿ ತೆರೆಯುತ್ತದೆ. ಅಲ್ಲಿ ಖಾಲಿ ಲೇಯರ್ ಹಾಕಿ, ಕ್ಲೋನ್ ಸ್ಟ್ಯಾಂಪ್‌ನ Sample ಅನ್ನು Current & Below ಇಟ್ಟು, ಜೋಡಿಯ ಮೇಲೆ ನೀರು, ಕಲ್ಲು ಬಳಿದೆ. ನಾಜೂಕು ಬೇಕಿಲ್ಲ, ಹೇಗಿದ್ದರೂ ಅವರ ಹಿಂದೆ ಮುಚ್ಚಿಹೋಗುವ ಜಾಗ. ಅಂಚಿನ ಹೊರಗೆ ತುಸು ದಾಟಿದರೆ ಸಾಕು. Ctrl+S ಒತ್ತಿ ಮುಖ್ಯ ಫೈಲ್‌ಗೆ ಬಂದರೆ ಬ್ಲರ್ ತಾನೇ ಹೊಸದಾಗಿ ಲೆಕ್ಕ ಹಾಕಿಕೊಂಡಿತ್ತು, ಕೆಂಪು ಮಾಯ.

ಫೈಲ್ ದಪ್ಪವಾಗುತ್ತದೆ, ಹಳೆಯ ಕಂಪ್ಯೂಟರ್ ಸೇವ್ ಮಾಡುವಾಗ ಏದುಸಿರು ಬಿಡುತ್ತದೆ. ಹಾಗಾಗಿ ಸ್ಮಾರ್ಟ್ ಆಬ್ಜೆಕ್ಟ್ ಬ್ಲರ್ ಬೇಕಾದ ಬ್ಯಾಕ್‌ಗ್ರೌಂಡ್‌ಗೆ ಮಾತ್ರ, ಬಣ್ಣ ಬೆಳಕೆಲ್ಲ ಅದರ ಮೇಲಿನ ಅಡ್ಜಸ್ಟ್‌ಮೆಂಟ್ ಲೇಯರ್‌ನಲ್ಲಿ.