ಅಕ್ಷರ ಬಿಡಿಸುವ ಲೈಬ್ರರಿಗೆ 1.0: ಮಾಡಿದವನದೇ ವಿಮರ್ಶೆ

ಈ ಪುಟ್ಟ ಪೈಥಾನ್ ಲೈಬ್ರರಿ ಬರೆದವನು ನಾನು. ಎಲ್ಲರಿಗಿಂತ ಜಾಸ್ತಿ ಬಳಸುವವನೂ ನಾನೇ. ಹಾಗಾಗಿ 1.0 ಬಿಡುಗಡೆಯ ಸುದ್ದಿಯ ಜೊತೆಗೆ ಬಳಕೆದಾರನಾಗಿ ನಾಲ್ಕು ಮಾತು.

ಇದಕ್ಕೆ ಇರೋದು ಒಂದೇ ಕೆಲಸ, ಕನ್ನಡ ಪದವನ್ನು ಅಕ್ಷರಗಳಾಗಿ ಬಿಡಿಸೋದು.

```python
len("ಸ್ತ್ರೀ")           # 6
split("ಸ್ತ್ರೀಶಕ್ತಿ")    # ['ಸ್ತ್ರೀ', 'ಶ', 'ಕ್ತಿ']
```

ಪೈಥಾನ್ ಲೆಕ್ಕದಲ್ಲಿ ಸ್ತ್ರೀ ಅಂದರೆ ಆರು: ಸ, ತ, ರ, ನಡುವೆ ಎರಡು ಹಲಂತ ಚಿಹ್ನೆ, ಕೊನೆಗೆ ಒಂದು ಸ್ವರಚಿಹ್ನೆ. ಯೂನಿಕೋಡ್ ನಿಯಮದಂತೆ ಬಿಡಿಸಿದರೂ ಸ್, ತ್, ರೀ ಎಂದು ಮೂರು ತುಂಡಾಗುತ್ತದೆ. ಒತ್ತಕ್ಷರ ಒಡೆಯದಂತೆ ಕಾಯುವ ನಿಯಮ 2023ರ 15.1 ಆವೃತ್ತಿಯಲ್ಲಿ ಬಂತು. ದೇವನಾಗರಿ, ತೆಲುಗು, ಮಲಯಾಳಂಗೆಲ್ಲ ಸಿಕ್ಕಿತು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ನನಗೆ ಪದಬಂಧ ಕಟ್ಟುವ ಚಟ. ಬೆಳಿಗ್ಗೆ ಕಾಫಿ ಆರುವ ಮೊದಲು ಒಂದಿಷ್ಟು ಪದ ಟೈಪ್ ಮಾಡಿ, ಯಾವುದಕ್ಕೆ ಎಷ್ಟು ಚೌಕ ಬೇಕು ಅಂತ ನೋಡುತ್ತೇನೆ. ‘ಶಕ್ತಿ’ಗೆ ಎರಡೇ ಚೌಕ ಎಂದು ಕಂಪ್ಯೂಟರ್ ಒಪ್ಪಿಕೊಳ್ಳುವುದನ್ನು ನೋಡೋದೇ ಒಂದು ಖುಷಿ.

ಖುಷಿ ಕೆಡೋದು ಇಂಗ್ಲಿಷ್ ಪದ ಬಂದಾಗ. ‘ಸಾಫ್ಟ್‌ವೇರ್’ ಸರಿಯಾಗಿ ಟೈಪ್ ಆಗಿದ್ದರೆ ಟ್ ಆದಮೇಲೆ ಕಣ್ಣಿಗೆ ಕಾಣದ ಒಂದು ಕೋಡ್ ಇರುತ್ತದೆ, U+200C. ಲೈಬ್ರರಿ ಅಲ್ಲಿ ಕತ್ತರಿಸುತ್ತದೆ: ಸಾ, ಫ್ಟ್‌, ವೇ, ರ್. ಜನ ಅದನ್ನು ಹಾಕದೆ ‘ಸಾಫ್ಟ್ವೇರ್’ ಎಂದು ಬರೆದರೆ ನಡುವಿನದ್ದೆಲ್ಲ ‘ಫ್ಟ್ವೇ’ ಎಂದು ಒಂದೇ ಚೌಕಕ್ಕೆ ತುರುಕಿಕೊಳ್ಳುತ್ತದೆ. ಅಂಥ ಪದವನ್ನು ಕೈಯಾರೆ ಸರಿ ಮಾಡಬೇಕು. ನಿಘಂಟು ಇಲ್ಲದೆ ಇದಕ್ಕೆ ಪರಿಹಾರವಿಲ್ಲ, ನಿಘಂಟು ಸೇರಿಸಿದರೆ ಇದು ಪುಟ್ಟ ಲೈಬ್ರರಿಯಾಗಿ ಉಳಿಯಲ್ಲ. 1.0ರಲ್ಲೂ ಇದು ಹೀಗೇ ಇದೆ. ನಿಮ್ಮದು ಸುದ್ದಿ ಬರಹಗಳ ಕೆಲಸವಾದರೆ ಸ್ವಲ್ಪ ಯೋಚಿಸಿ. ಛಂದಸ್ಸಿಗೆ ಮಾತ್ರೆ ಎಣಿಸುತ್ತದಾ ಅಂತಲೂ ಕೇಳುತ್ತಾರೆ. ಇಲ್ಲ, ಲಘು ಗುರು ಇದಕ್ಕೆ ಗೊತ್ತಿಲ್ಲ.

ಹಾಗಾದರೆ 1.0 ಯಾಕೆ? ಫಂಕ್ಷನ್ ಹೆಸರು ಮಾತ್ರವಲ್ಲ, ಪದ ಎಲ್ಲಿ ಒಡೆಯುತ್ತದೆ ಅನ್ನೋದೂ ಇನ್ನು 2.0ರ ತನಕ ಬದಲಾಗಲ್ಲ. ನಡುವೆ ಬದಲಾದರೆ ಕಟ್ಟಿಟ್ಟ ಪದಬಂಧಗಳ ಚೌಕವೇ ತಪ್ಪಿಹೋಗುತ್ತದೆ, ಅಲ್ವಾ?

ಇದು ಒಬ್ಬನ ಕೆಲಸವಲ್ಲ. ‘ರ‍್ಯಾಂಕ್’ನಲ್ಲಿ U+200D ಎಂಬ ಕಣ್ಣಿಗೆ ಕಾಣದ ಇನ್ನೊಂದು ಕೋಡ್ ಹಲಂತಕ್ಕಿಂತ ಮೊದಲೇ ಬರುತ್ತದೆ. ಅದನ್ನು ಗಮನಿಸದಿದ್ದರೆ ರ ಒಂದು ಕಡೆ, ಯ ಒತ್ತು ಇನ್ನೊಂದು ಕಡೆ ಆಗುತ್ತದೆ. ಇದನ್ನು ಹಿಡಿದು, ಪರೀಕ್ಷೆಯನ್ನೂ ಬರೆದು ಕಳಿಸಿದವರು ಒಬ್ಬ ಕಾಲೇಜು ಹುಡುಗಿ. ಇನ್ನೊಬ್ಬರು ಕರಡು ತಿದ್ದುವ ಹಿರಿಯರು, ಕೋಡ್ ಬರೆಯುವವರೇ ಅಲ್ಲ. ಅವರು ಕಳಿಸಿದ ಒತ್ತಕ್ಷರದ ಪದಗಳ ಪಟ್ಟಿಯೇ ಈಗ ಪ್ರತಿ ಬಿಡುಗಡೆಗೂ ಮುಂಚೆ ಓಡುವ ಪರೀಕ್ಷೆ. ಇಬ್ಬರಿಗೂ ದೊಡ್ಡ ನಮಸ್ಕಾರ. ‘ರ‍್ಯಾಂಕ್’ ಥರದ ಪದ ನಿಮಗೂ ಸಿಕ್ಕರೆ ಕಳಿಸಿ, ಆ ಪಟ್ಟಿಗೆ ಸೇರಿಸುತ್ತೇನೆ.